ಮನಿ ಮುಗದಿಲ್ಲ, ಮನಿ ಮುಗದೈತಿ

ಧಾರವಾಡದ ಕಡೆ ಮನೆ ಕಟ್ಟಿಸುತ್ತಿರುವವರೊಬ್ಬರು ಪೇಟೆಯಲ್ಲಿ ಪರಿಚಯದವರಿಗೆ ಸಿಕ್ಕಿದ್ದಾರೆ ಎಂದುಕೊಳ್ಳಿ. “ಏನ್ರೀ, ಮನಿ ಮುಗೀತೇನು?” ಎಂದು ಇವರು ಕೇಳುತ್ತಾರೆ. “ಮನಿ ಮುಗದಿಲ್ರೀ, ಮನಿ ಮುಗದೈತಿ” ಎಂದು ಅವರು ಉತ್ತರ ಕೊಡುತ್ತಾರೆ. ಕೇಳಿದವರು ಅರೆಗಳಿಗೆ ಸುಮ್ಮನಿದ್ದು, ಆಮೇಲೆ ನಗುತ್ತಾರೆ.

ಆ ಅರೆಗಳಿಗೆಯಲ್ಲಿ ಏನಾಯಿತು ಎಂಬುದೇ ಈ ಬರಹದ ವಿಷಯ. ಕನ್ನಡವೊಂದನ್ನೇ ಬಲ್ಲವರಿಗೆ ಆ ಉತ್ತರ ಶುದ್ಧ ಅಸಂಬದ್ಧ. ಮನೆ ಮುಗಿದಿಲ್ಲ, ಮನೆ ಮುಗಿದಿದೆ ಎಂದರೆ ಯಾವುದನ್ನು ನಂಬುವುದು? ಇಂಗ್ಲಿಷ್ ಅಷ್ಟಿಷ್ಟು ಗೊತ್ತಿದ್ದವರಿಗೆ ಮಾತ್ರ ಎರಡನೆಯ ‘ಮನಿ’ ದುಡ್ಡಾಗಿ ಕೇಳಿಸುತ್ತದೆ. ಮನೆ ಮುಗಿಯುವ ಮೊದಲೇ ಹಣ ಮುಗಿದಿದೆ. ನಾಲ್ಕೇ ಪದಗಳಲ್ಲಿ ಒಬ್ಬ ಮನುಷ್ಯನ ವರ್ಷದ ಪಾಡು ಬಂದುಬಿಟ್ಟಿತು. ನಮ್ಮ ಊರುಗಳಲ್ಲಿ ದಿನಾ ಹುಟ್ಟಿ ದಿನಾ ಮರೆತುಹೋಗುವ ಇಂಥ ಎರಡು ಭಾಷೆಯ ಶ್ಲೇಷೆಗಳು, ಅಂದರೆ ಎಲ್ಲರೂ ‘ಪನ್’ ಎನ್ನುವ ಮಾತಿನಾಟ, ನಗೆಯ ಬಗ್ಗೆ ಚಿಂತಿಸಿದವರ ಮಾತನ್ನು ಪರೀಕ್ಷಿಸಲು ಬಹಳ ಒಳ್ಳೆಯ ಜಾಗ ಎಂದು ನನಗೆ ಅನ್ನಿಸಿದೆ.

ನಗು ಬೇರೆಯವರಿಗಿಂತ ತಾನು ಮೇಲು ಎಂಬ ಭಾವದಿಂದ ಬರುತ್ತದೆ ಎಂದು 17ನೆಯ ಶತಮಾನದಲ್ಲಿ ಥಾಮಸ್ ಹಾಬ್ಸ್ ಹೇಳಿದ್ದ. 1725ರಲ್ಲಿ ಫ್ರಾನ್ಸಿಸ್ ಹಚಿಸನ್ ಅದನ್ನು ಒಪ್ಪಲಿಲ್ಲ. ಒಂದಕ್ಕೊಂದು ಹೊಂದದ ಎರಡು ಚಿತ್ರಗಳು ಒಟ್ಟಿಗೆ ಬಂದಾಗ ನಗು ಹುಟ್ಟುತ್ತದೆ ಎಂಬುದು ಅವನ ವಾದ. ಸ್ಕಾಟ್‌ಲೆಂಡಿನ ಜೇಮ್ಸ್ ಬೀಟಿ 1776ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಇನ್ನೂ ಬಿಗಿ ಮಾಡಿದ. ಹೊಂದದ ಸಂಗತಿಗಳು ಅಕ್ಕಪಕ್ಕ ಇದ್ದರೆ ಸಾಲದು, ಅವು ಒಂದೇ ಕಟ್ಟಿನೊಳಗೆ ಸೇರಿರಬೇಕು ಎಂದ. ಕಾಂಟ್ 1790ರಲ್ಲಿ, ಬಿಗಿಯಾಗಿ ಹಿಡಿದ ನಿರೀಕ್ಷೆ ಇದ್ದಕ್ಕಿದ್ದಂತೆ ಇಲ್ಲವಾಗುವುದರಲ್ಲಿ ನಗೆಯ ಮೂಲ ಕಂಡ. ಇವರ ಸಾಲಿನಲ್ಲಿ ಬಂದ ವಿಚಾರಗಳಿಗೆಲ್ಲ ಒಟ್ಟಾಗಿ ಅಸಾಂಗತ್ಯ ಸಿದ್ಧಾಂತ ಎನ್ನಬಹುದು. ನಮ್ಮ ‘ಮನಿ’ಗೆ ಹೆಚ್ಚು ಹತ್ತಿರವಿರುವವನು ಬೀಟಿ. ಮನೆಯೂ ಹಣವೂ ಒಂದೇ ಸದ್ದಿನ ಕಟ್ಟಿನಲ್ಲಿ ಸೇರಿವೆ.

ಆದರೆ ಹೊಂದದ್ದೆಲ್ಲ ನಗಿಸುವುದಿಲ್ಲ ಎಂಬ ತಕರಾರು ಈ ಸಿದ್ಧಾಂತದ ಬೆನ್ನು ಹತ್ತಿಯೇ ಇತ್ತು. ಮದುವೆ ಮನೆಯಲ್ಲಿ ಸಾವಿನ ಸುದ್ದಿ ಬಂದರೆ ಅದೂ ಹೊಂದದ ಸಂಗತಿಯೇ, ಯಾರೂ ನಗುವುದಿಲ್ಲ. 1972ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೆರ‍್ರಿ ಸಲ್ಸ್ ಇದಕ್ಕೆ ಒಂದು ಉತ್ತರ ಕೊಟ್ಟ. ನಗೆ ಎರಡು ಹಂತದಲ್ಲಿ ಆಗುತ್ತದೆ: ಮೊದಲು ಕೇಳುಗನ ನಿರೀಕ್ಷೆ ಮುರಿಯುತ್ತದೆ, ಆಮೇಲೆ ಆ ಮುರಿದದ್ದನ್ನು ಕೂಡಿಸುವ ಒಂದು ದಾರಿ ಅವನಿಗೆ ಸಿಗುತ್ತದೆ. ದಾರಿ ಸಿಗದಿದ್ದರೆ ಉಳಿಯುವುದು ಗೊಂದಲ. ನಿರೀಕ್ಷೆಯೇ ಮುರಿಯದಿದ್ದರೆ ಅದು ಬರೀ ಮಾತು.

ಇದನ್ನು ಧಾರವಾಡದ ಉತ್ತರಕ್ಕೆ ಹಚ್ಚಿ ನೋಡೋಣ. “ಮನಿ ಮುಗದಿಲ್ರೀ” ಎಂಬಲ್ಲಿಯವರೆಗೆ ಎಲ್ಲವೂ ಸರಿಯಿದೆ. ಪ್ರಶ್ನೆ ಮನೆಯ ಬಗ್ಗೆ ಇತ್ತು, ಉತ್ತರವೂ ಮನೆಯ ಬಗ್ಗೆ ಇದೆ. “ಮನಿ” ಎಂದು ಎರಡನೆಯ ಸಲ ಬಂದಾಗಲೂ ಅನುಮಾನವಿಲ್ಲ, ಗೋಡೆ, ಚಾವಣಿ, ಏನೋ ಹೇಳುತ್ತಾರೆ ಎಂದುಕೊಳ್ಳುತ್ತೇವೆ. “ಮುಗದೈತಿ” ಎಂಬ ಕೊನೆಯ ಪದ ಬಿದ್ದಾಗ ಪೆಟ್ಟು. ಆಗತಾನೇ ಇಲ್ಲ ಎಂದದ್ದನ್ನು ಹೌದು ಎನ್ನುತ್ತಿದ್ದಾರೆ. ಈಗ ಕೇಳುಗ ಹಿಂದಕ್ಕೆ ಓಡಬೇಕು. ಎರಡು ‘ಮುಗಿ’ಗಳಲ್ಲಿ ತಪ್ಪಿಲ್ಲ, ಹಾಗಾದರೆ ಎರಡು ‘ಮನಿ’ಗಳಲ್ಲಿ ಒಂದು ಬೇರೆಯದೇ ಇರಬೇಕು. ಕನ್ನಡದ ಪದಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಮಾತು ಕನ್ನಡದ್ದು ಎಂದು ಗಟ್ಟಿಯಾಗಿ ನಂಬಿದ್ದೆವಲ್ಲ, ಆ ನಂಬಿಕೆಯನ್ನೇ ಬಿಟ್ಟಾಗ ಗಂಟು ಬಿಚ್ಚಿಕೊಳ್ಳುತ್ತದೆ.

ಎರಡು ಭಾಷೆಯ ಶ್ಲೇಷೆಗೂ ಒಂದೇ ಭಾಷೆಯ ಶ್ಲೇಷೆಗೂ ಇರುವ ವ್ಯತ್ಯಾಸ ಇದೇ ಎನ್ನುತ್ತೇನೆ. ಒಂದೇ ಭಾಷೆಯಲ್ಲಿ ಮುರಿಯುವುದು ಪದದ ಅರ್ಥದ ನಿರೀಕ್ಷೆ. ಎರಡು ಭಾಷೆಯಲ್ಲಿ ಅದಕ್ಕಿಂತ ಕೆಳಗಿನ, ನಾವು ಇಟ್ಟುಕೊಂಡಿದ್ದೇವೆ ಎಂದೇ ಗೊತ್ತಿಲ್ಲದ ಒಂದು ನಿರೀಕ್ಷೆ ಮುರಿಯುತ್ತದೆ: ಈಗ ನಡೆದಿರುವುದು ಯಾವ ಭಾಷೆಯ ಮಾತು ಎಂಬುದು.

ಇನ್ನೊಂದು ಸೂಕ್ಷ್ಮವಿದೆ. ಮೊದಲ ‘ಮನಿ’ ಹಣ, ಎರಡನೆಯದು ಮನೆ ಎಂದೂ ಓದಬಹುದಲ್ಲ? ಹಣ ಮುಗಿದಿಲ್ಲ, ಮನೆ ಮುಗಿದಿದೆ. ವ್ಯಾಕರಣ ಇದಕ್ಕೆ ಅಡ್ಡಿ ಮಾಡುವುದಿಲ್ಲ. ಆದರೂ ಯಾರೂ ಹಾಗೆ ಓದುವುದಿಲ್ಲ. ಪ್ರಶ್ನೆಯಲ್ಲಿದ್ದ ಮನೆ ಉತ್ತರದ ಮೊದಲ ಪದವನ್ನು ಹಿಡಿದಿಟ್ಟಿದೆ ಎಂಬುದು ಒಂದು ಕಾರಣ. ಮನೆ ಕಟ್ಟಿ ನೋಡು ಎಂಬ ಗಾದೆ ಗೊತ್ತಿರುವ ನಾಡಿನಲ್ಲಿ ಯಾವುದು ಮೊದಲು ಮುಗಿಯುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಗಂಟು ಬಿಚ್ಚಲು ಎರಡು ನಿಘಂಟು ಸಾಲವು, ಬದುಕಿನ ಲೆಕ್ಕವೂ ಗೊತ್ತಿರಬೇಕು. ವಿಕ್ಟರ್ ರಾಸ್ಕಿನ್ ಎಂಬ ಭಾಷಾಶಾಸ್ತ್ರಜ್ಞ 1985ರ ತನ್ನ ಪುಸ್ತಕದಲ್ಲಿ ಹೇಳಿದ್ದು ಇದನ್ನೇ. ನಗೆಮಾತಿನಲ್ಲಿ ಒಂದರ ಮೇಲೊಂದು ಕೂರುವುದು ಎರಡು ಪದಗಳಷ್ಟೇ ಅಲ್ಲ, ನಮ್ಮ ತಲೆಯಲ್ಲಿ ಮೊದಲೇ ಇರುವ ಎರಡು ಸನ್ನಿವೇಶಗಳು. ಅವೆರಡೂ ಅದೇ ವಾಕ್ಯಕ್ಕೆ ಹೊಂದಬೇಕು, ಒಂದಕ್ಕೊಂದು ಎದುರಾಗಿಯೂ ಇರಬೇಕು. ಮನೆ ಏಳುವುದೂ ಹಣ ಕರಗುವುದೂ ಹಾಗೆ ಎದುರುಬದುರು ನಿಂತಿವೆ.

ಈ ಮಾತು ಮೈಸೂರಿನಲ್ಲಿ ಹುಟ್ಟಲಾರದು. ಅಲ್ಲಿ ‘ಮನೆ’ ಎಕಾರದಲ್ಲೇ ನಿಲ್ಲುತ್ತದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಪದದ ಕೊನೆಯ ಎಕಾರ ಇಕಾರವಾಗುತ್ತದೆ, ಮನೆ ಮನಿಯಾಗುತ್ತದೆ, ಎಲೆ ಎಲಿಯಾಗುತ್ತದೆ. ಅತ್ತ ಇಂಗ್ಲಿಷಿನ ಹಣ ನಮ್ಮ ಬಾಯಿಗೆ ಬಂದಾಗ ಅದೂ ಅಚ್ಚುಕಟ್ಟಾಗಿ ‘ಮನಿ’ಯೇ. ಒಂದು ಪದ ಪ್ರಾದೇಶಿಕ ಉಚ್ಚಾರದ ದಾರಿಯಲ್ಲಿ, ಇನ್ನೊಂದು ಎರವಲಿನ ದಾರಿಯಲ್ಲಿ ಬಂದು ಒಂದೇ ಸದ್ದಿನಲ್ಲಿ ಸೇರಿದವು. ಹಾಗಾಗಿ ಈ ಶ್ಲೇಷೆ ಕನ್ನಡ ಮತ್ತು ಇಂಗ್ಲಿಷಿನದು ಎನ್ನುವುದು ಅರ್ಧ ಸತ್ಯ. ಅದು ಧಾರವಾಡದ ಕನ್ನಡ ಮತ್ತು ಧಾರವಾಡದ ಇಂಗ್ಲಿಷಿನದು.

ಎರಡು ಭಾಷೆಯವರ ತಲೆಯಲ್ಲಿ ಎರಡನೆಯ ಭಾಷೆ ಅಷ್ಟು ಬೇಗ ಹೇಗೆ ಒದಗಿ ಬರುತ್ತದೆ ಎಂಬ ಪ್ರಶ್ನೆ ಉಳಿಯಿತು. ಕನ್ನಡ ಮಾತಾಡುವಾಗ ಇಂಗ್ಲಿಷ್ ಮುಚ್ಚಿಟ್ಟಿದ್ದರೆ, ಅದನ್ನು ತೆರೆದು ಹುಡುಕುವಷ್ಟರಲ್ಲಿ ನಗೆಯ ಹೊತ್ತು ಕಳೆದುಹೋಗಬೇಕಿತ್ತು. ಇದಕ್ಕೆ ಎರಡು ಪ್ರಯೋಗಗಳು ದಾರಿ ತೋರಿಸುತ್ತವೆ.

ಮೊದಲನೆಯದು ಒಂದೇ ಭಾಷೆಯದು. ಇಂಗ್ಲಿಷಿನಲ್ಲಿ ‘ಬಗ್’ ಎಂದರೆ ಹುಳ, ಕದ್ದು ಕೇಳಲು ಅಡಗಿಸಿಡುವ ಯಂತ್ರವೂ ಹೌದು. 1979ರಲ್ಲಿ ಡೇವಿಡ್ ಸ್ವಿನಿ ಎಂಬ ಸಂಶೋಧಕ, ಕೋಣೆಯಲ್ಲಿ ಜೇಡ, ಜಿರಳೆ ಮತ್ತು ಇತರ ಬಗ್‌ಗಳು ಇದ್ದವು ಎಂಬರ್ಥದ ವಾಕ್ಯವನ್ನು ಜನರಿಗೆ ಕೇಳಿಸಿದ. ‘ಬಗ್’ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಪರದೆಯ ಮೇಲೆ ಒಂದು ಪದ ತೋರಿಸಿ, ಅದು ನಿಜವಾದ ಪದವೋ ಅಲ್ಲವೋ ಹೇಳಿ ಎಂದ. ಇರುವೆ ಎಂಬ ಪದವನ್ನು ಜನ ಬೇಗ ಗುರುತಿಸಿದರು, ಅದು ಸಹಜ. ಅಚ್ಚರಿಯೆಂದರೆ ಗೂಢಚಾರ ಎಂಬ ಪದವನ್ನೂ ಅಷ್ಟೇ ಬೇಗ ಗುರುತಿಸಿದರು. ವಾಕ್ಯದಲ್ಲಿ ಜೇಡ, ಜಿರಳೆ ತುಂಬಿದ್ದರೂ ಬೇಡದ ಅರ್ಥ ಒಳಗೆ ಎದ್ದು ಕೂತಿತ್ತು. ಪದ ಮುಗಿದು ಮೂರು ಅಕ್ಷರದಷ್ಟು ಮಾತು ಮುಂದೆ ಹೋದ ಮೇಲೆ ನೋಡಿದರೆ ಇರುವೆ ಮಾತ್ರ ಉಳಿದಿತ್ತು, ಗೂಢಚಾರ ಮಲಗಿಬಿಟ್ಟಿದ್ದ. ಅಂದರೆ ಎಲ್ಲ ಅರ್ಥಗಳೂ ಒಮ್ಮೆ ಏಳುತ್ತವೆ, ಬೇಡವಾದದ್ದು ನಮಗೆ ತಿಳಿಯುವ ಮೊದಲೇ ಅಡಗುತ್ತದೆ.

ಎರಡನೆಯದು 1999ರದು. ಮೈಕೆಲ್ ಸ್ಪೈವಿ ಮತ್ತು ವಿಯೊರಿಕಾ ಮರಿಯನ್ ಎಂಬಿಬ್ಬರು, ರಷ್ಯನ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರನ್ನು ಕೆಲವು ವಸ್ತುಗಳ ಮುಂದೆ ಕೂರಿಸಿ, ಅವರ ಕಣ್ಣು ಎಲ್ಲಿಗೆ ಹರಿಯುತ್ತದೆ ಎಂದು ಯಂತ್ರದಿಂದ ನೋಡಿದರು. ಅಂಚೆಚೀಟಿಯನ್ನು ಎತ್ತಿಡಲು ರಷ್ಯನ್‌ನಲ್ಲಿ ಹೇಳಿದರು. ರಷ್ಯನ್‌ನಲ್ಲಿ ಅಂಚೆಚೀಟಿಗೆ ‘ಮಾರ್ಕಾ’ ಎನ್ನುತ್ತಾರೆ. ಪಕ್ಕದಲ್ಲಿ ಬರೆಯುವ ಮಾರ್ಕರ್ ಪೆನ್ ಇತ್ತು. ಅದಕ್ಕೆ ರಷ್ಯನ್‌ನಲ್ಲಿ ಹೆಸರೇ ಬೇರೆ. ಆದರೂ ಜನರ ಕಣ್ಣು ಬೇರೆ ವಸ್ತುಗಳಿಗಿಂತ ಹೆಚ್ಚಾಗಿ ಆ ಪೆನ್ನಿನ ಕಡೆ ಒಮ್ಮೆ ಹೋಗಿ ಬರುತ್ತಿತ್ತು. ಮಾತು ಪೂರ್ತಿ ರಷ್ಯನ್‌ನಲ್ಲಿ ನಡೆದಿದ್ದರೂ ಒಳಗೆ ಇಂಗ್ಲಿಷ್ ಎಚ್ಚರವಾಗಿತ್ತು.

ಇವೆರಡನ್ನೂ ಸೇರಿಸಿ ನೋಡಿದರೆ ಧಾರವಾಡದ ಅರೆಗಳಿಗೆ ಅರ್ಥವಾಗುತ್ತದೆ. ‘ಮನಿ’ ಎಂದು ಕೇಳಿದಾಗ ಹಣವೂ ಒಂದು ಕ್ಷಣ ಎದ್ದು, ಪ್ರಶ್ನೆ ಮನೆಯದಾದ್ದರಿಂದ ಅಡಗಿರಬೇಕು. ಉತ್ತರ ಕೊಟ್ಟವರು ಆ ಅಡಗಿದ್ದನ್ನೇ ಮತ್ತೆ ಎಬ್ಬಿಸಿದರು. ನಮಗೆ ಹೊಸದೇನೂ ಹೇಳಲಿಲ್ಲ, ನಾವೇ ಆಗಷ್ಟೇ ಬಿಟ್ಟುಕೊಟ್ಟದ್ದನ್ನು ತಂದು ಮುಂದಿಟ್ಟರು. ಒಳ್ಳೆಯ ಶ್ಲೇಷೆ ಕೇಳಿದಾಗ ‘ಛೇ, ನನಗೇ ಹೊಳೆಯಬೇಕಿತ್ತು’ ಅನ್ನಿಸುವುದು ಇದರಿಂದಲೇ ಎಂದು ನನ್ನ ಊಹೆ.

ಮಾತುಕತೆಯಲ್ಲಿ ಶ್ಲೇಷೆ ಬಹಳ ಸಲ ಮೊದಲು ಆಡಿದವರದಲ್ಲ, ಉತ್ತರ ಕೊಟ್ಟವರದು. ಬೆಂಗಳೂರಿನಲ್ಲೋ ಮಂಡ್ಯದಲ್ಲೋ ಮಗ ಒಳಗೆ ಬಂದು ಅಮ್ಮನಿಗೆ ಹೇಳುತ್ತಾನೆ: “ಮಾವನ ಜೊತೆ ಮಾತಾಡ್ತಾ ಇದ್ದೆ ಕಣಮ್ಮ, ದಾರೀಲಿ ಕಾಲ್ ಕಟ್ ಆಗೋಯ್ತು.” ಅಮ್ಮ ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ ಕೇಳುತ್ತಾಳೆ: “ಮತ್ತೆ ಮನೆ ತಂಕ ಹೆಂಗೋ ನಡ್ಕೊಂಡ್ ಬಂದೆ?”

ಇಲ್ಲಿ ನಗೆಯ ಮಾತಿನಲ್ಲಿ ಶ್ಲೇಷೆಯ ಪದವೇ ಇಲ್ಲ. ಅಮ್ಮ ‘ಕಾಲು’ ಎಂದಿಲ್ಲ, ‘ಕಾಲ್’ ಎಂದೂ ಇಲ್ಲ. ಅವಳ ಪ್ರಶ್ನೆ ತನ್ನಷ್ಟಕ್ಕೆ ಸಾದಾ ಪ್ರಶ್ನೆ, ಮಗನ ಮಾತಿಗೆ ಮಾತ್ರ ಎಲ್ಲೂ ತಾಗುವುದಿಲ್ಲ. ನಡೆಯುವುದಕ್ಕೂ ಫೋನಿಗೂ ಏನು ಸಂಬಂಧ? ಮಗ ಹಿಂದೆ ಹೋಗಿ ತನ್ನದೇ ವಾಕ್ಯವನ್ನು ಮತ್ತೊಮ್ಮೆ ಕೇಳಿಸಿಕೊಳ್ಳಬೇಕು. ಆಗ ‘ಕಾಲ್’ ಸಿಗುತ್ತದೆ, ಅದರ ಜೊತೆಗೆ ‘ಕಟ್’ ಎಂಬುದೂ ಸೇರಿ ರಕ್ತ ಸುರಿಸುತ್ತದೆ. ಸಲ್ಸ್ ಹೇಳಿದ ಎರಡನೆಯ ಹಂತ ಹಿಂದುಮುಂದಾಗಿ ಹುಡುಕುವ ಕೆಲಸ ಎಂಬುದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. ಅಮ್ಮ ಮಗನ ಮಾತನ್ನು ತಪ್ಪು ತಿಳಿದುಕೊಂಡಿಲ್ಲ, ಬೇಕೆಂದೇ ತಪ್ಪು ಭಾಷೆಯಲ್ಲಿ ಕೇಳಿಸಿಕೊಂಡಿದ್ದಾಳೆ. ಕನ್ನಡವೊಂದನ್ನೇ ಬಲ್ಲ ಅಜ್ಜಿಯೊಬ್ಬರು ಇದೇ ಪ್ರಶ್ನೆಯನ್ನು ಗಾಬರಿಯಿಂದ ಕೇಳಿದ್ದರೆ ಪದಗಳು ಅವೇ ಇರುತ್ತಿದ್ದವು, ಆದರೆ ಅದು ಶ್ಲೇಷೆಯಲ್ಲ. ಎರಡು ಅರ್ಥವನ್ನೂ ಒಬ್ಬರೇ ಒಟ್ಟಿಗೆ ಹಿಡಿದಿದ್ದಾಗಲೇ ಅದು ಆಟ.

ವ್ಯಾಕರಣ ಇದಕ್ಕೆ ಎಷ್ಟು ನೆರವಾಗುತ್ತದೆ ನೋಡಿ. ಮಗ ‘ಮೂರು ಕಾಲ್ ಬಂತು’ ಎಂದಿದ್ದರೂ ಅಮ್ಮನಿಗೆ ದಾರಿ ಇತ್ತು. ಆಡುಮಾತಿನಲ್ಲಿ ಸಂಖ್ಯೆಯ ಮುಂದೆ ಬಹುವಚನ ಬೇಕಾಗಿಲ್ಲ, ನಾಯಿಗೆ ನಾಲ್ಕು ಕಾಲು ಎನ್ನುತ್ತೇವೆಯೇ ಹೊರತು ಕಾಲುಗಳು ಎನ್ನುವವರು ಕಡಿಮೆ. ಮಗ ‘ಮೂರು ಕಾಲ್ಸ್ ಬಂತು’ ಎಂದಿದ್ದರೆ ಎಲ್ಲವೂ ಕೆಟ್ಟಿತು. ಇಂಗ್ಲಿಷಿನ ಬಹುವಚನ ಅಂಟಿದ ಕೂಡಲೇ ಪದ ಯಾವ ಭಾಷೆಯದೆಂದು ಸಾರಿಬಿಡುತ್ತದೆ. ಎರಡೂ ಭಾಷೆಗಳು ಹಕ್ಕು ಹೂಡಬಹುದಾದ ರೂಪದಲ್ಲಿ ಪದ ಇದ್ದರೇ ಶ್ಲೇಷೆ ನಿಲ್ಲುವುದು.

ನಮ್ಮ ಅಲಂಕಾರಶಾಸ್ತ್ರ ಈ ರೂಪದ ವಿಚಾರವನ್ನು ಬಹಳ ಹಿಂದೆಯೇ ಕೈಗೆತ್ತಿಕೊಂಡಿತ್ತು. ಪದವನ್ನು ಒಡೆಯದೆ ಎರಡು ಅರ್ಥ ಬಂದರೆ ಅಭಂಗ ಶ್ಲೇಷೆ, ಬೇರೆ ಬೇರೆ ಕಡೆ ಒಡೆದಾಗ ಬೇರೆ ಬೇರೆ ಅರ್ಥ ಬಂದರೆ ಸಭಂಗ ಶ್ಲೇಷೆ. 9ನೆಯ ಶತಮಾನದ ರುದ್ರಟ ತನ್ನ ‘ಕಾವ್ಯಾಲಂಕಾರ’ದಲ್ಲಿ ಭಾಷಾಶ್ಲೇಷೆಯನ್ನೇ ಒಂದು ಬಗೆಯಾಗಿ ಎಣಿಸಿದ್ದಾನೆ. ಒಂದೇ ಅಕ್ಷರಗಳ ಸಾಲನ್ನು ಸಂಸ್ಕೃತವೆಂದು ಓದಿದರೆ ಒಂದು ಅರ್ಥ, ಪ್ರಾಕೃತವೆಂದು ಓದಿದರೆ ಇನ್ನೊಂದು. ಕಾವ್ಯದಲ್ಲಿ ಅದು ಪಾಂಡಿತ್ಯ, ನಗು ಅದರ ಗುರಿಯಲ್ಲ. ಎರಡೂ ಅರ್ಥಗಳಿಗೆ ಅಲ್ಲಿ ಸಮಾನ ಗೌರವವಿದೆ. ಮಾತುಕತೆಯಲ್ಲಿ ಹಾಗಲ್ಲ, ಒಂದು ಅರ್ಥ ಗದ್ದುಗೆಯ ಮೇಲಿರುತ್ತದೆ, ಇನ್ನೊಂದು ಬಂದು ಅದನ್ನು ಕೆಳಗಿಳಿಸುತ್ತದೆ. ಆ ಇಳಿಸುವಿಕೆಯಲ್ಲೇ ನಗು.

‘ಕಾಲ್’, ‘ಮನಿ’ ಅಭಂಗ. ಸಭಂಗಕ್ಕೆ ರೈಲು ನಿಲ್ದಾಣಕ್ಕೆ ಹೋಗಬೇಕು. ಹಬ್ಬದ ಹಿಂದಿನ ದಿನ, ಟಿಕೆಟ್ ವೇಯ್ಟಿಂಗ್ ಲಿಸ್ಟಿನಲ್ಲಿದೆ. ಮನೆಯಿಂದ ಫೋನು: “ರೈಲು ಬರ್ತಿದ್ಯೇನೋ?” ಹುಡುಗನ ಉತ್ತರ: “ರೈಲೇನೋ ಬರ್ತಿದೆ ಅಕ್ಕ, ನಂಗೇ ಬರ್ತಿಲ್ಲ.” ‘ಬರುತ್ತಿಲ್ಲ’ ಎಂದು ಕೇಳಿದ ಅಕ್ಕನಿಗೆ, ರೈಲು ಬರುತ್ತಿದೆ ಎಂದವನು ತನಗೆ ಬರುತ್ತಿಲ್ಲ ಎಂದರೆ ಏನು ಎಂಬ ತೊಡಕು. ಪದವನ್ನು ‘ಬರ್ತ್ ಇಲ್ಲ’ ಎಂದು ಒಡೆದಾಗ ತೊಡಕು ಬಿಡುತ್ತದೆ: ಮಲಗಲು ಜಾಗ ಸಿಕ್ಕಿಲ್ಲ. ಇಂಗ್ಲಿಷ್ ನಾಮಪದವೂ ಕನ್ನಡದ ‘ಇಲ್ಲ’ವೂ ಸಂಧಿಯಾಗಿ, ಅಚ್ಚಗನ್ನಡದ ಒಂದು ಕ್ರಿಯಾಪದದ ವೇಷ ತೊಟ್ಟಿವೆ. ಇಂಗ್ಲಿಷರು ನಾಲಿಗೆಯನ್ನು ಹಲ್ಲಿನ ನಡುವೆ ತಂದು ಆಡುವ ಸದ್ದನ್ನು ನಾವು ‘ತ್’ ಮಾಡಿಕೊಂಡದ್ದರಿಂದಲೇ ಇದು ಸಾಧ್ಯವಾಯಿತು. ಲಂಡನ್ನಿನ ಉಚ್ಚಾರದಲ್ಲಿ ಈ ಶ್ಲೇಷೆ ಇಲ್ಲ. ಬರೆಯಹೊರಟರೆ ಇನ್ನೊಂದು ಕಷ್ಟ, ಒಡೆದು ಬರೆದರೆ ಗುಟ್ಟು ಬಯಲು, ಕೂಡಿಸಿ ಬರೆದರೆ ಗುಟ್ಟು ಇದೆಯೆಂದೇ ಗೊತ್ತಾಗದು. ಪದಗಳ ನಡುವೆ ಖಾಲಿ ಜಾಗ ಕೇಳಿಸದ ಮಾತಿನಲ್ಲೇ ಇದು ಸಲೀಸು.

ಸಂಧಿ ಒಡೆಯಲು ಬಾರದವನ ಗತಿ ಏನು ಎಂಬುದಕ್ಕೆ ‘ಕಥಾಸರಿತ್ಸಾಗರ’ದಲ್ಲಿ ಒಂದು ಕತೆಯಿದೆ. 11ನೆಯ ಶತಮಾನದ ಕಾಶ್ಮೀರದಲ್ಲಿ ಸೋಮದೇವ ಬರೆದದ್ದು. ಸಾತವಾಹನ ರಾಜ ರಾಣಿಯರೊಂದಿಗೆ ಕೊಳದಲ್ಲಿ ನೀರಾಟವಾಡುತ್ತಿದ್ದಾನೆ. ನೀರೆರಚಿಸಿಕೊಂಡು ದಣಿದ ಒಬ್ಬ ರಾಣಿ ಸಂಸ್ಕೃತದಲ್ಲಿ ‘ಮೋದಕೈಃ’ ಹೊಡೆಯೆಂದು ಹೇಳುತ್ತಾಳೆ. ಅವಳ ಮನಸ್ಸಿನಲ್ಲಿದ್ದದ್ದು ‘ಮಾ’ ಮತ್ತು ‘ಉದಕೈಃ’, ಅಂದರೆ ನೀರಿನಿಂದ ಹೊಡೆಯಬೇಡ. ರಾಜನಿಗೆ ಕೇಳಿಸಿದ್ದು ಮೋದಕಗಳಿಂದ ಹೊಡೆ ಎಂದು. ಅವನು ಮೋದಕ ತರಿಸಿಬಿಟ್ಟ. ರಾಣಿ ನಕ್ಕಳು, ಜೊತೆಯವರೂ ನಕ್ಕರು, ರಾಜ ಅವಮಾನದಿಂದ ಹಾಸಿಗೆ ಹಿಡಿದ. ಆಮೇಲೆ ಶರ್ವವರ್ಮ ಆರು ತಿಂಗಳಲ್ಲಿ ಅವನಿಗೆ ಸಂಸ್ಕೃತ ಕಲಿಸಿದ ಎಂದು ಕತೆ ಮುಂದುವರಿಯುತ್ತದೆ.

ಎರಡೂ ಓದು ಸಂಸ್ಕೃತದ್ದೇ ಆದ್ದರಿಂದ ಇದು ಎರಡು ಭಾಷೆಯ ಶ್ಲೇಷೆಯಲ್ಲ. ಆದರೆ ಎರಡು ಮಟ್ಟದ ಭಾಷಾಜ್ಞಾನ ಮುಖಾಮುಖಿಯಾದಾಗ ಏನಾಗುತ್ತದೆ ಎಂಬುದು ಇಲ್ಲಿದೆ. ರಾಣಿಗೆ ಎರಡೂ ಅರ್ಥ ಕಂಡಿತು, ಅವಳು ನಕ್ಕಳು. ರಾಜನಿಗೆ ಒಂದೇ ಅರ್ಥ ಕಂಡಿತ್ತು, ಅದು ಅವನಿಗೆ ಅಸಂಗತವಾಗಿಯೂ ತೋರಲಿಲ್ಲ, ಹೊಡೆತಕ್ಕೆ ಮೋದಕ ಕೇಳಿದರೆ ತರಿಸಿದ. ಗಂಟು ಬಿಚ್ಚಲು ಬಾರದವನ ಮುಂದೆ ಗಂಟು ಬಿಚ್ಚುವವರು ನಕ್ಕರೆ ಹಾಬ್ಸ್ ಹೇಳಿದ ಮೇಲುಕೀಳು ಮತ್ತೆ ಒಳಗೆ ಬರುತ್ತದೆ. ಆಫೀಸಿನಲ್ಲಿ ಇಂಗ್ಲಿಷ್ ಚೆನ್ನಾಗಿ ಬಾರದ ಒಬ್ಬರನ್ನು ನಡುವೆ ಕೂರಿಸಿಕೊಂಡು ಕನ್ನಡ–ಇಂಗ್ಲಿಷ್ ಪನ್ ಹಾರಿಸುವವರು ಇದನ್ನು ಯೋಚಿಸಬೇಕು. ಅಸಾಂಗತ್ಯ ಸಿದ್ಧಾಂತ ನಗೆ ಹೇಗೆ ಕಟ್ಟಿಕೊಂಡಿದೆ ಎಂದು ಹೇಳುತ್ತದೆ, ಆ ನಗೆ ಯಾರ ಪಾಲಿಗೆ ಕಹಿ ಎಂದು ಹೇಳುವುದಿಲ್ಲ. ಅದು ಆ ಸಿದ್ಧಾಂತದ ಮಿತಿ.

ಇನ್ನೊಂದು ಮಿತಿಯನ್ನು ಸ್ವೀಡನ್ನಿನ ಯೊರಾನ್ ನೆರ್ಹಾರ್ಟ್ ಪ್ರಯೋಗದಲ್ಲೇ ಕಂಡ. ನಿರೀಕ್ಷೆ ಮುರಿದರೆ ನಗು ಬರುತ್ತದೆಯೇ ಎಂದು ನೋಡಲು ಅವನು ಸ್ಟಾಕ್‌ಹೋಮ್ ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಕೈಯಲ್ಲಿ ಸೂಟ್‌ಕೇಸುಗಳನ್ನು ಎತ್ತಿಸಿದ. ಕೆಲವು ಅಂದುಕೊಂಡ ಭಾರಕ್ಕಿಂತ ತೀರ ಬೇರೆಯಾಗಿದ್ದವು. ಯಾರೂ ನಗಲಿಲ್ಲ. ಆಮೇಲೆ ಪ್ರಯೋಗಾಲಯದಲ್ಲಿ ತೂಕದ ಬಟ್ಟುಗಳನ್ನು ಎತ್ತಿಸಿದಾಗ ಜನ ನಕ್ಕರು, ಅಂದಾಜಿಗಿಂತ ಭಾರ ಹೆಚ್ಚು ಬೇರೆಯಾದಷ್ಟೂ ಹೆಚ್ಚು ನಕ್ಕರು. ರೈಲು ಹಿಡಿಯುವ ಆತುರದಲ್ಲಿ ಇರುವವರಿಗೆ ಅದೇ ಅಸಾಂಗತ್ಯ ಬರೀ ಕಿರಿಕಿರಿ. ಮನಸ್ಸು ಆಟದ ಹದದಲ್ಲಿ ಇರಬೇಕು. ‘ಕಾಲ್ ಕಟ್ ಆಯ್ತು’ ಎಂಬುದನ್ನು ಆಸ್ಪತ್ರೆಯ ಅಪಘಾತ ವಿಭಾಗದ ಮುಂದೆ ಹೇಳಿದರೆ ಪದಗಳಲ್ಲಿ ಏನೂ ಬದಲಾಗಿಲ್ಲ, ಆದರೂ ಅಲ್ಲಿ ನಗುವ ಬಾಯಿ ಇರುವುದಿಲ್ಲ.

ಆಟದ ಹದವಿದ್ದೂ ಕೆಲವು ಶ್ಲೇಷೆಗಳಿಗೆ ಜನ ನಗುವ ಬದಲು ‘ಅಯ್ಯಪ್ಪ’ ಎಂದು ಹಣೆ ಚಚ್ಚಿಕೊಳ್ಳುತ್ತಾರೆ. 2021ರಲ್ಲಿ ಕೊರೋನಾ ಲಸಿಕೆಯ ಕಾಲದಲ್ಲಿ ‘ಎರಡನೇ ಡೋಸ್ ಆಯ್ತಾ’ ಎಂದರೆ ‘ಚಟ್ನಿ ಜೊತೆ ಆಯ್ತು’ ಎನ್ನುವ ಮಾತಿಗೆ ಸಿಗುತ್ತಿದ್ದದ್ದು ಅಂಥ ಮರ್ಯಾದೆಯೇ. ಮೊದಲನೆಯ ಕೊರತೆ ಸದ್ದಿನದು. ‘ಡೋಸ್’ ಮತ್ತು ‘ದೋಸೆ’ ನಮ್ಮ ಕಿವಿಗೆ ಒಂದೇ ಅಲ್ಲ. ಡಕಾರ ದಕಾರಗಳ ಭೇದ ಕನ್ನಡದಲ್ಲಿ ಗಟ್ಟಿಯಾದದ್ದು. ಇನ್ನೂ ದೊಡ್ಡ ಕೊರತೆ ಅರ್ಥದ್ದು. ಲಸಿಕೆಗೂ ದೋಸೆಗೂ ನಡುವೆ ಸದ್ದಿನ ಗಂಟೊಂದನ್ನು ಬಿಟ್ಟರೆ ಬೇರೆ ನಂಟಿಲ್ಲ. ಗಂಟು ಬಿಚ್ಚಿದ ಮೇಲೆ ಕೈಗೆ ಏನೂ ಸಿಗುವುದಿಲ್ಲ. ‘ಮನಿ’ಯಲ್ಲಿ ಹಾಗಲ್ಲ, ಬಿಚ್ಚಿದ ಮೇಲೆ ಸಿಗುವುದು ನಿಜವಾದ ಒಂದು ಸಂಗತಿ: ಆ ಮನುಷ್ಯನ ಹಣ ಖಾಲಿಯಾಗಿದೆ. ಕೈಲಾಸಂ ತಮ್ಮ ನಾಟಕಕ್ಕೆ ‘ಹೋಂ ರೂಲು’ ಎಂದು ಹೆಸರಿಟ್ಟದ್ದರ ಬಲವೂ ಇಂಥದ್ದೇ. 1916ರಲ್ಲಿ ಆನಿ ಬೆಸೆಂಟರು ಕಟ್ಟಿದ ಹೋಂ ರೂಲ್ ಲೀಗಿನ ಘೋಷಣೆ ದೇಶದ ಆಳ್ವಿಕೆಯದು, ನಾಟಕದ್ದು ಮನೆಯ ಆಳ್ವಿಕೆ. ಎರಡಕ್ಕೂ ಯಾರ ಮಾತು ನಡೆಯಬೇಕು ಎಂಬ ಒಂದೇ ಪ್ರಶ್ನೆ. ಶ್ಲೇಷೆಯನ್ನು ಅಳೆಯಲು ನಾನು ಇದಕ್ಕಿಂತ ಒಳ್ಳೆಯ ಅಳತೆ ಕಂಡಿಲ್ಲ: ನಗೆ ತೆಗೆದಿಟ್ಟರೂ ಎರಡನೆಯ ಅರ್ಥ ಆ ಸಂದರ್ಭಕ್ಕೆ ನಿಜವಾಗಿ ಉಳಿಯುತ್ತದೆಯೇ?

ಎರಡು ಭಾಷೆಯ ಶ್ಲೇಷೆಗಳಿಗೆ ಆಯುಸ್ಸು ಕಡಿಮೆ. ಎರವಲು ಪದ ಮನೆಮಾತಾಗುತ್ತಾ ಹೋದಂತೆ ಅದು ಬೇರೆ ಭಾಷೆಯದು ಎಂಬ ಎಚ್ಚರವೇ ಹೋಗುತ್ತದೆ, ಭಾಷೆಯ ನಿರೀಕ್ಷೆ ಮುರಿಯುವ ಬೆರಗೂ ಹೋಗುತ್ತದೆ. ‘ಕಾಲ್’ ಆ ದಾರಿಯಲ್ಲಿ ಬಹಳ ದೂರ ಬಂದಿದೆ, ಅಮ್ಮನಂಥವರು ಕೆಣಕದಿದ್ದರೆ ಅದರಲ್ಲಿ ಎರಡರ್ಥ ಇದೆಯೆಂದೇ ಯಾರಿಗೂ ತೋರದು. ಇನ್ನೊಂದು ಕಡೆಯಿಂದ, ಇಂಗ್ಲಿಷನ್ನು ಇಂಗ್ಲಿಷಿನಂತೆಯೇ ಉಚ್ಚರಿಸಲು ಕಲಿತ ಮಕ್ಕಳ ಬಾಯಲ್ಲಿ ‘ಬರ್ತ್’ ಕನ್ನಡದ ‘ಬರ್ತ್’ ಆಗಿ ಉಳಿಯುವುದಿಲ್ಲ, ಅವರ ಕಿವಿಗೆ ರೈಲಿನ ಶ್ಲೇಷೆ ತಾಗುವುದಿಲ್ಲ. ಒಳಗಿನ ಉಪಭಾಷೆಯೂ ಹೀಗೆಯೇ. ‘ಮನಿ’ ಎನ್ನುವುದನ್ನು ಶಾಲೆಯಲ್ಲಿ ‘ಮನೆ’ ಎಂದು ತಿದ್ದಿಸಿಕೊಂಡ ಮಗುವಿಗೆ ತಂದೆಯ ಉತ್ತರ ಅರ್ಥವಾಗುವ ಬಾಗಿಲೊಂದು ಮುಚ್ಚಿತು.

ನಿಘಂಟುಗಳು ಇವನ್ನು ಹಿಡಿಯುವುದಿಲ್ಲ, ಏಕೆಂದರೆ ಶ್ಲೇಷೆ ಪದದಲ್ಲಿಲ್ಲ, ಪ್ರಶ್ನೆಗೂ ಉತ್ತರಕ್ಕೂ ನಡುವೆ ಇದೆ. ನಗೆಹನಿಗಳ ಪುಸ್ತಕಗಳು ಉತ್ತರವನ್ನು ಮಾತ್ರ ಉಳಿಸಿ, ಊರನ್ನೂ ಉಚ್ಚಾರವನ್ನೂ ಬಿಟ್ಟುಬಿಡುತ್ತವೆ. ಓದುಗರಲ್ಲಿ ಒಂದು ಕೋರಿಕೆ: ನಿಮ್ಮ ಮನೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಇಂಥ ಮಾತು ಕಿವಿಗೆ ಬಿದ್ದರೆ ಬರೆದಿಡಿ. ಯಾವ ಊರಿನ ಕನ್ನಡ, ಮೊದಲು ಬಂದ ಮಾತು ಏನು, ಅದಕ್ಕೆ ಬಂದ ಉತ್ತರ ಏನು, ಪದವನ್ನು ಬಾಯಲ್ಲಿ ಹೇಗೆ ಆಡಿದರು, ಕೇಳಿದವರು ನಕ್ಕರೋ ಹಣೆ ಚಚ್ಚಿಕೊಂಡರೋ, ಇಷ್ಟನ್ನೂ ಜೊತೆಗೆ ಬರೆಯಿರಿ. ಫೋನಿನಲ್ಲಿ ಧ್ವನಿ ಹಿಡಿದಿಟ್ಟರೆ ಇನ್ನೂ ಒಳ್ಳೆಯದು, ಆಡಿದವರನ್ನು ಕೇಳಿಯೇ ಹಿಡಿಯಿರಿ.